ತೂಕ ಒಂದೇ, ಚೀಲಗಳು ಎಷ್ಟು? ಸಣ್ಣ ಸಾಂದ್ರ ಎಲ್‌ಡಿಎಲ್ ಕಣಗಳ ಲೆಕ್ಕ

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕರಲ್ಲಿ ಯಾವ ಊರಿನ ಲ್ಯಾಬಿಗೆ ಹೋದರೂ ಲಿಪಿಡ್ ಪ್ರೊಫೈಲ್ ವರದಿ ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ. ಒಟ್ಟು ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್, ಎಚ್‌ಡಿಎಲ್, ಎಲ್‌ಡಿಎಲ್, ವಿಎಲ್‌ಡಿಎಲ್, ಕೆಳಗೆ ಒಂದೆರಡು ಅನುಪಾತಗಳು. ವರದಿ ಕೈಗೆ ಬಂದವರ ಕಣ್ಣು ನೇರವಾಗಿ ಎಲ್‌ಡಿಎಲ್ ಸಾಲಿಗೆ ಹೋಗುತ್ತದೆ. ಅಲ್ಲಿನ ಅಂಕಿ ದಪ್ಪಕ್ಷರದಲ್ಲಿ ಇಲ್ಲದಿದ್ದರೆ ಕಾಗದ ಮಡಚಿ ಅಂಗಿಯ ಜೇಬಿಗೆ ಸೇರುತ್ತದೆ. ಹೃದಯಾಘಾತವಾದ ಮನೆಯಲ್ಲಿ ಮಾತ್ರ ಆ ಕಾಗದ ಮತ್ತೆ ಹೊರಗೆ ಬರುತ್ತದೆ. ಆಗ ವೈದ್ಯರ ಮುಂದೆ ಕೇಳುವ ಪ್ರಶ್ನೆ ಈ ಸೀಮೆಯಲ್ಲಿ ಬಹುಪಾಲು ಹೀಗೇ ಇರುತ್ತದೆ: “ಸಾಹೇಬ್ರ, ರಿಪೋರ್ಟಿನ್ಯಾಗ ಎಲ್‌ಡಿಎಲ್ ನಾರ್ಮಲ್ ಐತಿ. ಮತ್ತ ನಮ್ಮ ಅಣ್ಣಗ ಹಾರ್ಟ್ ಅಟ್ಯಾಕ್ ಹೆಂಗಾತ್ರಿ?”

ಪ್ರಶ್ನೆ ನ್ಯಾಯವಾದದ್ದು. ಬೀಡಿ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮನೆತನದ ಇತಿಹಾಸ ಹೀಗೆ ಅದಕ್ಕೆ ಹಲವು ಉತ್ತರಗಳಿವೆ. ಈ ಉಪನ್ಯಾಸದ ವಿಷಯ ಅವುಗಳಲ್ಲಿ ಒಂದೇ ಒಂದು. ವರದಿಯಲ್ಲಿರುವ ಎಲ್‌ಡಿಎಲ್ ಅಂಕಿ ಎಲ್‌ಡಿಎಲ್ ಕಣಗಳ ಸಂಖ್ಯೆ ಅಲ್ಲ. ಆ ಕಣಗಳೊಳಗೆ ತುಂಬಿಕೊಂಡಿರುವ ಕೊಲೆಸ್ಟ್ರಾಲಿನ ತೂಕ ಅದು. ಎಷ್ಟೋ ಜನರಲ್ಲಿ ತೂಕ ಮತ್ತು ಸಂಖ್ಯೆ ಜೊತೆಜೊತೆಯಾಗಿಯೇ ಏರಿಳಿಯುತ್ತವೆ, ಆಗ ಒಂದನ್ನು ನೋಡಿ ಇನ್ನೊಂದನ್ನು ಊಹಿಸಿದರೆ ತಪ್ಪಾಗದು. ಕೆಲವರಲ್ಲಿ ಎರಡರ ದಾರಿ ಬೇರೆಯಾಗುತ್ತದೆ. ಆ ಕೆಲವರು ಯಾರು ಎಂಬುದು ನಮ್ಮ ನಾಡಿನ ಮಟ್ಟಿಗೆ ದೊಡ್ಡ ಪ್ರಶ್ನೆ.

ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿ ಹೊತ್ತ ಲಾರಿಗಳು ಹೋಗುವುದನ್ನು ಈ ಭಾಗದವರೆಲ್ಲ ಕಂಡಿದ್ದಾರೆ. ಲಾರಿಯನ್ನು ತೂಕದ ಕಾಟಾದ ಮೇಲೆ ನಿಲ್ಲಿಸಿದರೆ ಎಷ್ಟು ಕ್ವಿಂಟಲ್ ಮಾಲಿದೆ ಎಂದು ತಿಳಿಯುತ್ತದೆ. ಎಷ್ಟು ಚೀಲಗಳಿವೆ ಎಂದು ಕಾಟಾ ಹೇಳುವುದಿಲ್ಲ. ಒಂದು ಲಾರಿಯಲ್ಲಿ ಒತ್ತಿ ತುಂಬಿದ ದೊಡ್ಡ ಚೀಲಗಳಿರಬಹುದು, ಇನ್ನೊಂದರಲ್ಲಿ ಅರೆಬರೆ ತುಂಬಿದ ಚಿಕ್ಕ ಚೀಲಗಳಿರಬಹುದು. ತೂಕ ಒಂದೇ ಬಂದರೂ ಎರಡನೆಯದರಲ್ಲಿ ಚೀಲ ಹೆಚ್ಚು. ಲ್ಯಾಬಿನ ಎಲ್‌ಡಿಎಲ್ ಅಂಕಿ ಕಾಟಾದ ಚೀಟಿ ಇದ್ದಂತೆ. ರಕ್ತನಾಳದ ಗೋಡೆಯೊಳಗೆ ನುಗ್ಗುವುದು ಚೀಲ, ತೂಕವಲ್ಲ.

ಕೊಲೆಸ್ಟ್ರಾಲು ಕೊಬ್ಬಿನ ಜಾತಿಯದು, ರಕ್ತದ ನೀರಿನಲ್ಲಿ ಕರಗದು. ಹಾಗಾಗಿ ದೇಹ ಅದನ್ನು ಕಣಗಳಲ್ಲಿ ಕಟ್ಟಿ ಸಾಗಿಸುತ್ತದೆ. ಕಣದ ಒಳಗೆ ಕೊಲೆಸ್ಟ್ರಾಲ್ ಮತ್ತು ಟ್ರೈಗ್ಲಿಸರೈಡ್, ಹೊರಗೆ ತೆಳುವಾದ ಒಂದು ಪೊರೆ, ಪೊರೆಯ ಸುತ್ತ ಪಟ್ಟಿಯಂತೆ ಬಿಗಿದ ಒಂದು ದೊಡ್ಡ ಪ್ರೋಟೀನು. ಆ ಪ್ರೋಟೀನಿನ ಹೆಸರು ಅಪೋಬಿ. 4,536 ಅಮೈನೋ ಆಮ್ಲಗಳ ಉದ್ದನೆಯ ಸರ ಅದು. ಯಕೃತ್ತಿನಿಂದ ಹೊರಟ ಪ್ರತಿಯೊಂದು ಕಣದಲ್ಲಿಯೂ ಅದು ಒಂದೇ ಒಂದು ಇರುತ್ತದೆ. ಕಣ ದೊಡ್ಡದಿದ್ದರೂ ಒಂದು, ಸಣ್ಣದಿದ್ದರೂ ಒಂದು. ಹುಟ್ಟಿನಿಂದ ಕೊನೆಯವರೆಗೆ ಅದು ಕಣವನ್ನು ಬಿಟ್ಟು ಹೋಗುವುದಿಲ್ಲ. ಎಚ್‌ಡಿಎಲ್ ಕಣದಲ್ಲಿ ಅಪೋಬಿ ಇರುವುದಿಲ್ಲ. ಪ್ರತಿ ಚೀಲಕ್ಕೂ ಒಂದೇ ಚೀಟಿ ಹೊಲಿದಿದ್ದರೆ ಚೀಟಿ ಎಣಿಸಿದವನಿಗೆ ಚೀಲದ ಲೆಕ್ಕ ಸಿಕ್ಕಿತಲ್ಲ, ಹಾಗೆಯೇ ರಕ್ತದಲ್ಲಿನ ಅಪೋಬಿ ಅಳೆದರೆ ನಾಳಕ್ಕೆ ತೊಂದರೆ ಕೊಡುವ ಕಣಗಳ ಲೆಕ್ಕ ಸಿಗುತ್ತದೆ. ಈ ಕಣಗಳಲ್ಲಿ ಬಹುಪಾಲು ಎಲ್‌ಡಿಎಲ್ ಕಣಗಳೇ.

ಸಣ್ಣ ಸಾಂದ್ರ ಕಣ ಹುಟ್ಟುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ವರದಿಯ ಬೇರೆ ಸಾಲುಗಳ ಅರ್ಥ ಅಲ್ಲಿಯೇ ಬಿಚ್ಚಿಕೊಳ್ಳುತ್ತದೆ. ಹೊಟ್ಟೆಯ ಸುತ್ತ ಕೊಬ್ಬು ಬೆಳೆದು, ಇನ್ಸುಲಿನ್ನಿನ ಮಾತನ್ನು ದೇಹ ಕೇಳದಂತಾದಾಗ ಯಕೃತ್ತಿಗೆ ಕೊಬ್ಬಿನ ಆಮ್ಲಗಳ ಹರಿವು ಹೆಚ್ಚುತ್ತದೆ. ಊಟದ ಹೆಚ್ಚುವರಿ ಪಿಷ್ಟ ಮತ್ತು ಸಕ್ಕರೆಯನ್ನೂ ಯಕೃತ್ತು ಕೊಬ್ಬಾಗಿ ಮಾರ್ಪಡಿಸುತ್ತದೆ. ಹೀಗೆ ಕೂಡಿದ್ದನ್ನು ಅದು ಟ್ರೈಗ್ಲಿಸರೈಡ್ ತುಂಬಿದ ದೊಡ್ಡ ವಿಎಲ್‌ಡಿಎಲ್ ಕಣಗಳಾಗಿ ಕಟ್ಟಿ ರಕ್ತಕ್ಕೆ ಬಿಡುತ್ತದೆ. ರಕ್ತದಲ್ಲಿ ಸಿಇಟಿಪಿ ಎಂಬ ಪ್ರೋಟೀನು ದಲ್ಲಾಳಿಯ ಕೆಲಸ ಮಾಡುತ್ತದೆ. ವಿಎಲ್‌ಡಿಎಲ್‌ನಿಂದ ಟ್ರೈಗ್ಲಿಸರೈಡ್ ತೆಗೆದು ಎಲ್‌ಡಿಎಲ್‌ಗೆ ಕೊಡುವುದು, ಎಲ್‌ಡಿಎಲ್‌ನಿಂದ ಕೊಲೆಸ್ಟ್ರಾಲ್ ತೆಗೆದು ವಿಎಲ್‌ಡಿಎಲ್‌ಗೆ ಕೊಡುವುದು ಅದರ ವ್ಯವಹಾರ. ವಿಎಲ್‌ಡಿಎಲ್ ಹೆಚ್ಚಾದಷ್ಟೂ ಈ ಅದಲುಬದಲು ಹೆಚ್ಚು. ಕೊನೆಗೆ ಎಲ್‌ಡಿಎಲ್ ಕಣದೊಳಗೆ ಕೊಲೆಸ್ಟ್ರಾಲ್ ಕಡಿಮೆಯಾಗಿ ಟ್ರೈಗ್ಲಿಸರೈಡ್ ಹೆಚ್ಚುತ್ತದೆ. ಅಂಥ ಕಣ ಯಕೃತ್ತಿನ ಮೂಲಕ ಹಾಯುವಾಗ ಅಲ್ಲಿನ ಲೈಪೇಸ್ ಎಂಬ ಕಿಣ್ವ ಆ ಟ್ರೈಗ್ಲಿಸರೈಡನ್ನು ಕತ್ತರಿಸಿ ತೆಗೆಯುತ್ತದೆ. ಹಾಕಿದ್ದೂ ಹೋಯಿತು, ಮೊದಲು ಇದ್ದದ್ದೂ ಹೋಯಿತು. ಕಣ ಕುಗ್ಗುತ್ತದೆ.

ಕುಗ್ಗಿದ್ದು ಒಳಗಿನ ಕೊಬ್ಬು, ಪ್ರೋಟೀನು ಇದ್ದಷ್ಟೇ ಇದೆ. ಕೊಬ್ಬು ನೀರಿಗಿಂತ ಹಗುರ, ಪ್ರೋಟೀನು ಭಾರ. ಆದ್ದರಿಂದ ಉಳಿದ ಕಣ ಸಣ್ಣದೂ ಹೌದು, ಸಾಂದ್ರವೂ ಹೌದು. ಹೆಸರಿನ ಎರಡು ಪದಗಳು ಹುಟ್ಟಿದ್ದು ಹೀಗೆ.

ಇದೇ ಅದಲುಬದಲು ಎಚ್‌ಡಿಎಲ್ ಕಣಗಳ ಜೊತೆಗೂ ನಡೆಯುತ್ತದೆ. ಅವೂ ಕುಗ್ಗಿ ಬೇಗ ರಕ್ತದಿಂದ ಹೊರಬೀಳುತ್ತವೆ. ಆದಕಾರಣ ಏರಿದ ಟ್ರೈಗ್ಲಿಸರೈಡ್, ಇಳಿದ ಎಚ್‌ಡಿಎಲ್, ಸಣ್ಣ ಸಾಂದ್ರ ಎಲ್‌ಡಿಎಲ್ ಈ ಮೂರೂ ಒಂದೇ ಮನೆಯ ಮಕ್ಕಳು. ಮೊದಲಿನ ಎರಡು ಸಾಮಾನ್ಯ ವರದಿಯಲ್ಲಿ ಕಾಣುತ್ತವೆ. ಮೂರನೆಯದು ಕಾಣುವುದಿಲ್ಲ, ಆದರೆ ಮೊದಲಿನ ಎರಡನ್ನು ಕಂಡವರು ಅದು ಪಕ್ಕದಲ್ಲಿಯೇ ಇದೆ ಎಂದು ಅನುಮಾನಿಸಬೇಕು.

ಕಣ ಎಷ್ಟು ಕುಗ್ಗಿದರೆ ಎಷ್ಟು ವ್ಯತ್ಯಾಸ ಎಂಬುದು ಮೇಲುನೋಟಕ್ಕೆ ತಿಳಿಯದ ಲೆಕ್ಕ. ಗುಂಡಗಿರುವ ವಸ್ತುವಿನ ಅಡ್ಡಳತೆ ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಅದರೊಳಗೆ ಹಿಡಿಯುವ ಮಾಲು ಕಾಲುಭಾಗಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ. ಉಂಡೆ ಕಟ್ಟುವವರಿಗೆ ಇದು ಗೊತ್ತು: ಉಂಡೆಯನ್ನು ನೋಟಕ್ಕೆ ತುಸುವೇ ಚಿಕ್ಕದು ಮಾಡಿದರೂ ಅದೇ ಪಾಕದಲ್ಲಿ ಎಣಿಕೆ ಸಾಕಷ್ಟು ಹೆಚ್ಚುತ್ತದೆ. ಎಲ್‌ಡಿಎಲ್‌ಗೂ ಅದೇ ಲೆಕ್ಕ. ಇಬ್ಬರಿಗೂ ಎಲ್‌ಡಿಎಲ್ ಕೊಲೆಸ್ಟ್ರಾಲ್ ಡೆಸಿಲೀಟರಿಗೆ 110 ಮಿಲಿಗ್ರಾಂ ಇದೆ ಎನ್ನೋಣ. ಒಬ್ಬರ ಕಣವೊಂದರಲ್ಲಿ ಸರಾಸರಿ 2,800 ಕೊಲೆಸ್ಟ್ರಾಲ್ ಅಣುಗಳು, ಇನ್ನೊಬ್ಬರ ಕಣದಲ್ಲಿ 1,900. ಭಾಗಿಸಿ ನೋಡಿದರೆ ಮೊದಲನೆಯವರ ರಕ್ತದಲ್ಲಿ ಕಣಗಳು ಲೀಟರಿಗೆ ಸುಮಾರು 1,015 ನ್ಯಾನೋಮೋಲ್, ಎರಡನೆಯವರಲ್ಲಿ ಸುಮಾರು 1,500. ವರದಿಯ ಅಂಕಿ ಒಂದೇ, ಕಣಗಳು ಒಂದೂವರೆ ಪಟ್ಟು.

ಕಣಗಳ ಎಣಿಕೆಯ ಕಡೆಗೆ ವಿಜ್ಞಾನ ಬಂದದ್ದು ಒಂದು ಸುತ್ತು ಹಾಕಿಕೊಂಡು. ಅಮೆರಿಕದ ಬರ್ಕ್ಲಿಯಲ್ಲಿ ಜಾನ್ ಗಾಫ್‌ಮನ್ ಎಂಬ ವೈದ್ಯ ವಿಜ್ಞಾನಿ ರಕ್ತದ ಸೀರಮ್ಮನ್ನು ಅತಿವೇಗದಲ್ಲಿ ತಿರುಗುವ ಯಂತ್ರದಲ್ಲಿಟ್ಟು, ಕಣಗಳನ್ನು ಅವುಗಳ ಸಾಂದ್ರತೆಯ ಪ್ರಕಾರ ಬೇರ್ಪಡಿಸಿ, 1950ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಅಂದರೆ ಮೊದಲಿನಿಂದಲೂ ವಿಜ್ಞಾನಿಗಳ ಕಣ್ಣ ಮುಂದೆ ಇದ್ದದ್ದು ಕಣವೇ. ಆದರೆ ಊರೂರಿನ ಲ್ಯಾಬಿನಲ್ಲಿ ಅಂಥ ಯಂತ್ರ ಇಡಲಾಗದು. ಕೊಲೆಸ್ಟ್ರಾಲ್ ಅಳೆಯುವುದು ಸುಲಭ, ಅಗ್ಗ. ಆದ್ದರಿಂದ ಅಳತೆ ಕಣದಿಂದ ಅದರೊಳಗಿನ ಮಾಲಿಗೆ ಸರಿಯಿತು. 1972ರಲ್ಲಿ ವಿಲಿಯಂ ಫ್ರೀಡ್‌ವಾಲ್ಡ್ ಮತ್ತು ಜೊತೆಗಾರರು ಎಲ್‌ಡಿಎಲ್ ಅಂಕಿಯನ್ನು ಲೆಕ್ಕದಿಂದಲೇ ಪಡೆಯುವ ಸೂತ್ರ ಕೊಟ್ಟರು. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆಯಬೇಕು, ಟ್ರೈಗ್ಲಿಸರೈಡನ್ನು ಐದರಿಂದ ಭಾಗಿಸಿ ಬಂದದ್ದನ್ನೂ ಕಳೆಯಬೇಕು, ಉಳಿದದ್ದು ಎಲ್‌ಡಿಎಲ್. ಇಂದಿಗೂ ಎಷ್ಟೋ ವರದಿಗಳ ಎಲ್‌ಡಿಎಲ್ ಸಾಲು ಈ ಕಳೆಯುವ ಲೆಕ್ಕದ ಶೇಷವೇ. ವರದಿಯಲ್ಲಿ ಆ ಸಾಲಿನ ಪಕ್ಕ “ಕ್ಯಾಲ್ಕ್ಯುಲೇಟೆಡ್” ಎಂದಿದ್ದರೆ ಅದರ ಅರ್ಥ ಇದು.

ಚೀಟಿ ಎಣಿಸಬೇಕೆಂದು ಗಟ್ಟಿಯಾಗಿ ಹೇಳಿದವರು ಕೆನಡಾದ ಮಾಂಟ್ರಿಯಲ್‌ನ ಅಲನ್ ಸ್ನೈಡರ್ಮನ್. 1980ರಲ್ಲಿ ಅವರೂ ಪೀಟರ್ ಕ್ವಿಟೆರೊವಿಚ್ ಮೊದಲಾದವರೂ ಹೃದಯದ ನಾಳ ಕಟ್ಟಿಕೊಂಡಿದ್ದ ರೋಗಿಗಳಲ್ಲಿ ಎಲ್‌ಡಿಎಲ್ ಕೊಲೆಸ್ಟ್ರಾಲ್ ಅಷ್ಟೇನೂ ಏರಿರದಿದ್ದರೂ ಅಪೋಬಿ ಏರಿರುವುದನ್ನು ತೋರಿಸಿದರು. 1988ರಲ್ಲಿ ಮೆಲಿಸ್ಸಾ ಆಸ್ಟಿನ್ ಮತ್ತು ರೊನಾಲ್ಡ್ ಕ್ರೌಸ್ ಅವರ ತಂಡ ಕಣದ ಗಾತ್ರ ನೋಡಿ ಜನರನ್ನು ಎ ಮಾದರಿ, ಬಿ ಮಾದರಿ ಎಂದು ವಿಂಗಡಿಸಿತು. ಸಣ್ಣ ಕಣಗಳು ಹೆಚ್ಚಿರುವ ಬಿ ಮಾದರಿಯವರಲ್ಲಿ ಹೃದಯಾಘಾತದ ಸಾಧ್ಯತೆ ಸುಮಾರು ಮೂರು ಪಟ್ಟು ಎಂದು ಬರೆಯಿತು.

ಕರ್ನಾಟಕದ ಪಾಲು ಈ ಕಥೆಯಲ್ಲಿ ಸಣ್ಣದೇನಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೇಮ್ ಪೈಸ್ ಮತ್ತು ಸಂಗಡಿಗರು ಮೊದಲ ಸಲ ಹೃದಯಾಘಾತವಾದ 200 ಜನರನ್ನೂ, ಅದೇ ವಯಸ್ಸಿನ ಹೃದಯಾಘಾತವಿಲ್ಲದ 200 ಜನರನ್ನೂ ಹೋಲಿಸಿ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ದಿನಕ್ಕೆ ಹತ್ತು ಅಥವಾ ಹೆಚ್ಚು ಬೀಡಿ ಸಿಗರೇಟು ಸೇದುವವರಿಗೆ ಅಪಾಯ ಆರು ಪಟ್ಟಿಗೂ ಮಿಗಿಲು ಎಂಬುದು ಅವರ ಮೊದಲ ಕಾಣ್ಕೆ. ಇಲ್ಲಿಯ ಮಾತಿಗೆ ಹೊಂದುವುದು ಅದರ ನಂತರದ್ದು. ಖಾಲಿ ಹೊಟ್ಟೆಯ ಸಕ್ಕರೆ ಏರಿದಂತೆ ಅಪಾಯವೂ ಏರುತ್ತಿತ್ತು, ಅದೂ ನಾರ್ಮಲ್ ಎನಿಸಿಕೊಳ್ಳುವ ಮಿತಿಯೊಳಗಿನಿಂದಲೇ. ಸೊಂಟದ ಅಳತೆಗೆ ಹೋಲಿಸಿದಾಗ ಹೊಟ್ಟೆಯ ಅಳತೆ ಹೆಚ್ಚಿದಂತೆಯೂ ಅಪಾಯ ಏರುತ್ತಿತ್ತು. ಆ ಅಧ್ಯಯನ ಎಲ್‌ಡಿಎಲ್ ಕಣ ಎಣಿಸಲು ಹೊರಟದ್ದಲ್ಲ. ಆದರೆ ಅದು ಬೊಟ್ಟು ಮಾಡಿದ ಹೊಟ್ಟೆ ಮತ್ತು ಸಕ್ಕರೆ, ಯಕೃತ್ತಿನಲ್ಲಿ ವಿಎಲ್‌ಡಿಎಲ್ ಉಕ್ಕಿಸುವ ಅದೇ ಜೋಡಿ.

ಎಣಿಕೆ ನಡೆದದ್ದು ಮುಂದೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಎಂಬ ದೊಡ್ಡ ಅಧ್ಯಯನದ ಫಲಿತಾಂಶ 2004ರಲ್ಲಿ ಬಂತು. ಹೃದಯಾಘಾತವಾದ ಸುಮಾರು ಹದಿನೈದು ಸಾವಿರ ಜನ, ಆಗದ ಹೆಚ್ಚುಕಡಿಮೆ ಅಷ್ಟೇ ಜನ. ಅದರಲ್ಲಿ ಅಪೋಬಿ ಮತ್ತು ಎಚ್‌ಡಿಎಲ್ ಕಣದ ಪ್ರೋಟೀನಾದ ಅಪೋಎ1 ಇವುಗಳ ಅನುಪಾತ ಅಪಾಯದ ಸೂಚಕಗಳ ಮೊದಲ ಸಾಲಿನಲ್ಲಿ ನಿಂತಿತು. ಅದೇ ಮಾಹಿತಿಯನ್ನು 2008ರಲ್ಲಿ ಮತ್ತೆ ಪರಿಶೀಲಿಸಿದಾಗ ಈ ಅನುಪಾತ ಕೊಲೆಸ್ಟ್ರಾಲಿನ ಅನುಪಾತಗಳಿಗಿಂತ ಮೇಲು ಎಂದು ಕಂಡಿತು, ಊಟ ಮಾಡಿ ಬಂದವರ ರಕ್ತದಲ್ಲಿಯೂ. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಶ್ರೀಲಂಕಾದವರ ಪಾಲನ್ನು ಬೇರೆ ಮಾಡಿ ಪೈಸ್ ಅವರೂ ಸೇರಿದ್ದ ತಂಡ 2007ರಲ್ಲಿ ಬರೆದಾಗ ನಮ್ಮ ಭಾಗದವರಿಗೆ ಮೊದಲ ಹೃದಯಾಘಾತವಾಗುವ ಸರಾಸರಿ ವಯಸ್ಸು 53, ಉಳಿದ ದೇಶಗಳಲ್ಲಿ 58.8 ಎಂಬುದು ಹೊರಬಿತ್ತು. ಆರು ವರ್ಷ ಒಂದು ಕುಟುಂಬಕ್ಕೆ ಸಣ್ಣ ಅಂತರವಲ್ಲ. ಮಗಳ ಮದುವೆ, ಮಗನ ಓದು, ಬ್ಯಾಂಕಿನ ಸಾಲದ ಕಂತು ಎಲ್ಲ ಆ ಆರು ವರ್ಷಗಳಲ್ಲಿಯೇ ಇರುತ್ತವೆ.

ಅಮೆರಿಕದಲ್ಲಿ ನೆಲೆಸಿದ ಭಾರತೀಯರಲ್ಲಿ ಸಣ್ಣ ಸಾಂದ್ರ ಎಲ್‌ಡಿಎಲ್ ಅಲ್ಲಿನ ಬಿಳಿಯರಿಗಿಂತ ಹೆಚ್ಚು ಎಂದು ಕೃಷ್ಣಾಜಿ ಕುಲಕರ್ಣಿ ಮತ್ತಿತರರು 1999ರಲ್ಲಿ ತೋರಿಸಿದ್ದರು. ದೇಶದೊಳಗಿನ ಚಿತ್ರ ಐಸಿಎಂಆರ್‌ನ ಇಂಡಿಯಾಬ್ ಸಮೀಕ್ಷೆಯಿಂದ 2014ರಲ್ಲಿ ಬಂತು. ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢಗಳಲ್ಲಿ ರಕ್ತ ಪರೀಕ್ಷಿಸಿದಾಗ ಎಲ್‌ಡಿಎಲ್ ಹೆಚ್ಚಿದ್ದವರು ನೂರಕ್ಕೆ ಹನ್ನೆರಡು ಜನವೂ ಇಲ್ಲ. ಟ್ರೈಗ್ಲಿಸರೈಡ್ ಹೆಚ್ಚಿದ್ದವರು ನೂರಕ್ಕೆ ಸುಮಾರು ಮೂವತ್ತು, ಎಚ್‌ಡಿಎಲ್ ಕಡಿಮೆ ಇದ್ದವರು ಎಪ್ಪತ್ತೆರಡು. ಕರ್ನಾಟಕ ಆ ನಾಲ್ಕರಲ್ಲಿ ಇರಲಿಲ್ಲ. ಆದರೂ ಅನ್ನ, ರೊಟ್ಟಿ, ಮಂಡಕ್ಕಿ, ದಿನಕ್ಕೆ ನಾಲ್ಕು ಸಲ ಸಕ್ಕರೆ ಹಾಕಿದ ಚಹಾ ಇವುಗಳ ಸುತ್ತ ಊಟ ಕಟ್ಟಿಕೊಂಡ ಸೀಮೆಗೆ ಈ ಚಿತ್ರ ದೂರದ್ದಲ್ಲ. ಹೊಲದ ದುಡಿಮೆ ಟ್ರ್ಯಾಕ್ಟರಿಗೆ ಹೋಗಿ ಊಟದ ತಾಟು ಹಳೆಯದೇ ಉಳಿದಾಗ ಮೊದಲು ಏರುವುದು ಎಲ್‌ಡಿಎಲ್ ಅಲ್ಲ, ಟ್ರೈಗ್ಲಿಸರೈಡ್.

ಈಗ ಇಬ್ಬರ ವರದಿ. ಲೆಕ್ಕ ತಿಳಿಯಲೆಂದು ಕಟ್ಟಿದ ಉದಾಹರಣೆ ಇದು, ಅಂಕಿಗಳು ಮಾತ್ರ ದಿನವೂ ಕಾಣುವಂಥವು.

ಒಬ್ಬರು ಸವಣೂರಿನ ಕಡೆ ವೀಳ್ಯದೆಲೆ ತೋಟ ಇರುವ ನಲವತ್ತಾರರ ಗೃಹಸ್ಥರು. ಹೊಟ್ಟೆಯ ಸುತ್ತಳತೆ 98 ಸೆಂಟಿಮೀಟರ್, ಬೀಡಿ ಚಟ, ಎರಡು ವರ್ಷದಿಂದ ಸಕ್ಕರೆ ಕಾಯಿಲೆ. ಇನ್ನೊಬ್ಬರು ಹಾನಗಲ್ಲಿನ ಕಡೆಯ ಅದೇ ವಯಸ್ಸಿನ ಶಿಕ್ಷಕಿ, ತೆಳ್ಳನೆಯ ಮೈ, ಸಕ್ಕರೆ ಇಲ್ಲ. ಇಬ್ಬರ ಒಟ್ಟು ಕೊಲೆಸ್ಟ್ರಾಲ್ 186. ಗೃಹಸ್ಥರ ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 230. ಐದರಿಂದ ಭಾಗಿಸಿದರೆ 46. 186ರಿಂದ 34 ಮತ್ತು 46 ಕಳೆದರೆ 106. ಶಿಕ್ಷಕಿಯ ಎಚ್‌ಡಿಎಲ್ 56, ಟ್ರೈಗ್ಲಿಸರೈಡ್ 120. ಐದರಿಂದ ಭಾಗಿಸಿದರೆ 24. 186ರಿಂದ 56 ಮತ್ತು 24 ಕಳೆದರೆ ಅಲ್ಲಿಯೂ 106. ಒಟ್ಟು ಕೊಲೆಸ್ಟ್ರಾಲ್ ಮತ್ತು ಎಲ್‌ಡಿಎಲ್ ಈ ಎರಡೇ ಸಾಲು ಓದಿದವರಿಗೆ ಇಬ್ಬರೂ ಒಂದೇ. ಅಪೋಬಿ ಮಾಡಿಸಿದರೆ ಶಿಕ್ಷಕಿಯದು 84, ಗೃಹಸ್ಥರದು 118. ಕಣಗಳ ಲೆಕ್ಕದಲ್ಲಿ ಅವರು ಶಿಕ್ಷಕಿಗಿಂತ ನೂರಕ್ಕೆ ಸುಮಾರು ನಲವತ್ತರಷ್ಟು ಮುಂದೆ ಇದ್ದಾರೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಟ್ರೈಗ್ಲಿಸರೈಡ್ ಏರಿದಾಗ ಫ್ರೀಡ್‌ವಾಲ್ಡ್ ಸೂತ್ರ ತಪ್ಪುತ್ತದೆ ಎಂಬುದು ನಿಜ. ಆಗ ವಿಎಲ್‌ಡಿಎಲ್ ಕಣದಲ್ಲಿ ಕೊಲೆಸ್ಟ್ರಾಲಿಗೆ ಹೋಲಿಸಿದರೆ ಟ್ರೈಗ್ಲಿಸರೈಡ್ ಐದು ಪಟ್ಟಿಗಿಂತ ಹೆಚ್ಚಿರುತ್ತದೆ. ಐದರಿಂದ ಭಾಗಿಸಿದವರು ಬೇಕಾದದ್ದಕ್ಕಿಂತ ಹೆಚ್ಚು ಕಳೆಯುತ್ತಾರೆ, ಎಲ್‌ಡಿಎಲ್ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಟ್ರೈಗ್ಲಿಸರೈಡ್ 400 ದಾಟಿದರೆ ಸೂತ್ರ ಬಳಸಲೇಬಾರದು ಎಂದು ಅದನ್ನು ಕೊಟ್ಟವರೇ ಹೇಳಿದ್ದರು. ಈ ದೋಷ ತಿದ್ದಲು 2020ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮೌರೀನ್ ಸ್ಯಾಂಪ್ಸನ್ ಮತ್ತಿತರರು ಹೊಸ ಸೂತ್ರ ಕೊಟ್ಟಿದ್ದಾರೆ. ಅದರಲ್ಲಿ ಲೆಕ್ಕ ಹಾಕಿದರೆ ಗೃಹಸ್ಥರ ಎಲ್‌ಡಿಎಲ್ 112, ಶಿಕ್ಷಕಿಯದು 109. ಅಂತರ ಮೂರು ಅಂಕಿ ಮಾತ್ರ! ಅಪೋಬಿಯಲ್ಲಿ ಇರುವ ಮೂವತ್ತನಾಲ್ಕು ಅಂಕಿಯ ಅಂತರಕ್ಕೆ ಇದು ಉತ್ತರವಲ್ಲ. ಎಲ್‌ಡಿಎಲ್ಲನ್ನು ಲೆಕ್ಕದಿಂದಲ್ಲದೆ ನೇರವಾಗಿ ಅಳೆಯುವ “ಡೈರೆಕ್ಟ್ ಎಲ್‌ಡಿಎಲ್” ಪರೀಕ್ಷೆಗೂ ಇದೇ ಮಾತು. ಅದೂ ಕೊಲೆಸ್ಟ್ರಾಲನ್ನೇ ಅಳೆಯುತ್ತದೆ. ಕಾಟಾವನ್ನು ಎಷ್ಟು ಸರಿಪಡಿಸಿದರೂ ಅದು ತೂಕವನ್ನೇ ಹೇಳುತ್ತದೆ.

ಅಪೋಬಿ ಮಾಡಿಸದೆಯೂ ಗೃಹಸ್ಥರ ವರದಿ ಎಚ್ಚರಿಸುತ್ತಿತ್ತು. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಒಂದನ್ನೇ ಕಳೆದರೆ ಬರುವುದಕ್ಕೆ ನಾನ್-ಎಚ್‌ಡಿಎಲ್ ಎನ್ನುತ್ತಾರೆ. ಅಪೋಬಿ ಹೊತ್ತ ಎಲ್ಲ ಕಣಗಳ ಕೊಲೆಸ್ಟ್ರಾಲ್ ಒಟ್ಟಾಗಿ ಅದರಲ್ಲಿದೆ. ಗೃಹಸ್ಥರದು 152, ಶಿಕ್ಷಕಿಯದು 130. ಇದಕ್ಕೆ ಹೊಸ ಪರೀಕ್ಷೆ ಬೇಡ, ಖರ್ಚಿಲ್ಲ, ಉಪವಾಸವೂ ಬೇಡ. ಭಾರತದ ಲಿಪಿಡ್ ಸಂಘ ನಾನ್-ಎಚ್‌ಡಿಎಲ್‌ಗೆ ಎಲ್‌ಡಿಎಲ್ ಜೊತೆಗೇ ಸಮಾನ ಸ್ಥಾನ ಕೊಟ್ಟು ಹಲವು ವರ್ಷಗಳಾಗಿವೆ. ಇನ್ನೊಂದು ಸುಳಿವು ಟ್ರೈಗ್ಲಿಸರೈಡನ್ನು ಎಚ್‌ಡಿಎಲ್‌ನಿಂದ ಭಾಗಿಸುವುದು. ಗೃಹಸ್ಥರಲ್ಲಿ ಅದು ಏಳರ ಹತ್ತಿರ, ಶಿಕ್ಷಕಿಯಲ್ಲಿ ಎರಡರ ಆಸುಪಾಸು. ಮೂರು ಮೂರೂವರೆ ದಾಟಿದರೆ ಸಣ್ಣ ಕಣಗಳ ಅನುಮಾನ ಬಲವಾಗುತ್ತದೆ. ಇದು ಸುಳಿವು, ಅಳತೆಯಲ್ಲ. ಹಿಂದಿನ ರಾತ್ರಿಯ ಮದ್ಯ ಅಥವಾ ಊಟದ ನಂತರ ಕೊಟ್ಟ ರಕ್ತ ಟ್ರೈಗ್ಲಿಸರೈಡನ್ನು ಮೇಲೆತ್ತಿ ಅನುಪಾತವನ್ನು ಕೆಡಿಸಬಲ್ಲದು.

ಸಣ್ಣ ಕಣಗಳು ಕೆಟ್ಟವು, ದೊಡ್ಡವು ನಿರಪಾಯ ಎಂಬ ಮಾತು ಈಚೆಗೆ ಬಹಳ ಹಬ್ಬಿದೆ. ಅದು ಅರ್ಧ ಸತ್ಯ, ಅದರಿಂದ ಹಾನಿಯಾಗುತ್ತಿದೆ. ಸಣ್ಣ ಕಣದ ವಿರುದ್ಧ ಸಾಕ್ಷ್ಯ ಇದೆ. ಅದನ್ನು ಯಕೃತ್ತಿನ ಗ್ರಾಹಕಗಳು ಸರಿಯಾಗಿ ಹಿಡಿಯಲಾರವು, ಹಾಗಾಗಿ ಅದು ರಕ್ತದಲ್ಲಿ ಹೆಚ್ಚು ಕಾಲ ಸುತ್ತುತ್ತದೆ. ನಾಳದ ಗೋಡೆಯೊಳಗಿನ ಜಾಲಕ್ಕೆ ಅಂಟಿಕೊಳ್ಳುತ್ತದೆ, ಬೇಗ ಆಕ್ಸಿಡೀಕರಣಗೊಳ್ಳುತ್ತದೆ. ಆದರೆ ಹುಟ್ಟಿನಿಂದಲೇ ಎಲ್‌ಡಿಎಲ್ ವಿಪರೀತ ಏರಿರುವ ವಂಶವಾಹಿ ಕಾಯಿಲೆಯ ಕುಟುಂಬಗಳನ್ನು ನೋಡಬೇಕು. ಅವರ ಕಣಗಳು ಬಹುಮಟ್ಟಿಗೆ ದೊಡ್ಡವೇ, ಆದರೂ ಚಿಕ್ಕ ವಯಸ್ಸಿನಲ್ಲಿಯೇ ಹೃದಯಾಘಾತವಾಗುತ್ತದೆ. ಕಣಗಳ ಸಂಖ್ಯೆ ಹೆಚ್ಚಿದ್ದರೆ ಗಾತ್ರ ಯಾರನ್ನೂ ಕಾಪಾಡುವುದಿಲ್ಲ.

ಅಮೆರಿಕದ ಆರು ಕಡೆಗಳಲ್ಲಿ ನಡೆದ ಮೆಸಾ ಅಧ್ಯಯನ ಇದನ್ನು ಸಂಖ್ಯೆಯಲ್ಲಿ ತೋರಿಸಿತು. ಜೇಮ್ಸ್ ಆಟ್ವಸ್ ಮತ್ತಿತರರು 2011ರಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯಲ್ಲಿ ಕಣಗಳ ಸಂಖ್ಯೆ ಮತ್ತು ಎಲ್‌ಡಿಎಲ್ ಕೊಲೆಸ್ಟ್ರಾಲ್ ಪರಸ್ಪರ ತಾಳೆಯಾಗದವರನ್ನು ಆರಿಸಿ ನೋಡಿದರು. ತಾಳೆಯಾಗದವರಲ್ಲಿ ಅಪಾಯ ಕಣಗಳ ಸಂಖ್ಯೆಯ ಹಿಂದೆ ಹೋಯಿತು, ಕೊಲೆಸ್ಟ್ರಾಲಿನ ಹಿಂದೆ ಅಲ್ಲ. ಕಣ ಹೆಚ್ಚು, ಕೊಲೆಸ್ಟ್ರಾಲ್ ಕಡಿಮೆ ಇದ್ದ ಗುಂಪಿನಲ್ಲಿ ದೊಡ್ಡ ಹೊಟ್ಟೆ ಮತ್ತು ಸಕ್ಕರೆ ಕಾಯಿಲೆ ಹೆಚ್ಚಿದ್ದವು. ಮೆಸಾದಲ್ಲಿ ದಕ್ಷಿಣ ಏಷ್ಯಾದವರು ಇರಲಿಲ್ಲ ಎಂಬುದನ್ನೂ ಹೇಳಬೇಕು. ಆ ಕೊರತೆ ತುಂಬಲೆಂದೇ ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಶಿಕಾಗೋ ಸುತ್ತಿನ ದಕ್ಷಿಣ ಏಷ್ಯಾ ಮೂಲದವರನ್ನು ಸೇರಿಸಿಕೊಂಡು ಮಸಾಲಾ ಎಂಬ ಹೆಸರಿನ ಅಧ್ಯಯನ 2010ರಲ್ಲಿ ಶುರುವಾಯಿತು.

ಇನ್ನೊಂದು ದಿಕ್ಕಿನಿಂದ ಬಂದ ಪಾಠ 2022ರದು. ಪ್ರಾಮಿನೆಂಟ್ ಎಂಬ ಪ್ರಯೋಗದಲ್ಲಿ ಸಕ್ಕರೆ ಕಾಯಿಲೆ ಮತ್ತು ಏರಿದ ಟ್ರೈಗ್ಲಿಸರೈಡ್ ಇದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರಲ್ಲಿ ಪೆಮಾಫೈಬ್ರೇಟ್ ಎಂಬ ಔಷಧವನ್ನು ಪರೀಕ್ಷಿಸಿದರು. ಟ್ರೈಗ್ಲಿಸರೈಡ್ ಕಾಲುಭಾಗದಷ್ಟು ಇಳಿಯಿತು. ಅಪೋಬಿ ಇಳಿಯಲಿಲ್ಲ, ಬದಲಿಗೆ ನೂರಕ್ಕೆ ಐದರಷ್ಟು ಏರಿತು. ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ವರದಿಯ ಒಂದು ಸಾಲು ಚೆಂದವಾಯಿತು, ಚೀಲಗಳು ಕಡಿಮೆಯಾಗಲಿಲ್ಲ.

ಆದ್ದರಿಂದ ಕಣದ ಗಾತ್ರವನ್ನೇ ಅಳೆಯುವ ದುಬಾರಿ ಪರೀಕ್ಷೆಗೆ ಹಣ ಹಾಕುವುದಕ್ಕಿಂತ ಅಪೋಬಿ ಮಾಡಿಸುವುದು ಲೇಸು. ಗಾತ್ರದ ಅಳತೆಯಲ್ಲಿ ವಿಧಾನಕ್ಕೊಂದು ಮಾನ ಇದೆ. ಜೆಲ್ ವಿಧಾನದಲ್ಲಿ 25.5 ನ್ಯಾನೋಮೀಟರಿಗಿಂತ ಕಡಿಮೆ ಇದ್ದರೆ ಸಣ್ಣ ಕಣ, ಎನ್‌ಎಂಆರ್ ವಿಧಾನದಲ್ಲಿ ಆ ಗೆರೆ 20.5ರ ಆಸುಪಾಸು. ಒಂದು ಲ್ಯಾಬಿನ ಅಂಕಿಯನ್ನು ಇನ್ನೊಂದರ ಗೆರೆಗೆ ಹಿಡಿದರೆ ಆರೋಗ್ಯವಂತರೂ ರೋಗಿಯಾಗುತ್ತಾರೆ. ಅಪೋಬಿಗೆ ಅಂತರರಾಷ್ಟ್ರೀಯ ಮಾನದಂಡ ಇದೆ, ಉಪವಾಸ ಬೇಕಿಲ್ಲ, ತಾಲೂಕಿನ ಲ್ಯಾಬಿನಲ್ಲಿ ರಕ್ತ ಕೊಟ್ಟರೆ ಸೀರಂ ದೊಡ್ಡ ಊರಿಗೆ ಹೋಗಿ ವರದಿ ಬರುತ್ತದೆ. ಅದರಲ್ಲಿ ನೋಡಬೇಕಾದ್ದು ಮಾನ: ಕೆಲವು ಲ್ಯಾಬುಗಳು 118 ಮಿಲಿಗ್ರಾಂ ಎಂದು ಬರೆದರೆ ಕೆಲವು ಅದನ್ನೇ ಲೀಟರಿಗೆ 1.18 ಗ್ರಾಂ ಎಂದು ಬರೆಯುತ್ತವೆ. ಹೃದಯಾಘಾತವಾದ ಒಂದೆರಡು ದಿನಗಳ ನಂತರ ತೆಗೆದ ರಕ್ತದಲ್ಲಿ ಈ ಅಂಕಿಗಳು ತಾವಾಗಿಯೇ ಇಳಿದಿರುತ್ತವೆ. “ಅಟ್ಯಾಕ್ ಆದಾಗಲೂ ನಾರ್ಮಲ್ ಇತ್ತು” ಎಂಬ ಮಾತಿನ ಹಿಂದೆ ಎಷ್ಟೋ ಸಲ ಇದೂ ಇರುತ್ತದೆ.

ಎಲ್ಲರಿಗೂ ಈ ಪರೀಕ್ಷೆ ಬೇಕಿಲ್ಲ. ಹಾನಗಲ್ಲಿನ ಶಿಕ್ಷಕಿಯಂಥವರಲ್ಲಿ ಎಲ್‌ಡಿಎಲ್ ಹೇಳಿದ್ದನ್ನೇ ಅಪೋಬಿಯೂ ಹೇಳುತ್ತದೆ. ಟ್ರೈಗ್ಲಿಸರೈಡ್ 150 ದಾಟಿದವರು, ಸಕ್ಕರೆ ಕಾಯಿಲೆಯವರು, ಸ್ಕ್ಯಾನಿನಲ್ಲಿ ಫ್ಯಾಟಿ ಲಿವರ್ ಎಂದು ಬಂದವರು, ಅಣ್ಣತಮ್ಮಂದಿರಿಗೆ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತವಾದವರು, ಇವರಿಗೆ ಅದು ಹೊಸ ಸುದ್ದಿ ತರಬಲ್ಲದು. ಔಷಧ ಶುರುಮಾಡಿದವರಿಗೂ ತರಬಲ್ಲದು, ಯಾಕೆಂದರೆ ಸ್ಟಾಟಿನ್ ಮಾತ್ರೆ ಎಲ್‌ಡಿಎಲ್ ಕೊಲೆಸ್ಟ್ರಾಲನ್ನು ಇಳಿಸಿದಷ್ಟು ಪ್ರಮಾಣದಲ್ಲಿ ಅಪೋಬಿಯನ್ನು ಇಳಿಸುವುದಿಲ್ಲ.

ಸವಣೂರಿನ ಗೃಹಸ್ಥರ ಉದಾಹರಣೆಯನ್ನು ಮೂರು ತಿಂಗಳು ಮುಂದಕ್ಕೆ ಒಯ್ದರೆ ಇದು ಕಾಣುತ್ತದೆ. ಸ್ಟಾಟಿನ್ ಶುರುವಾಗಿದೆ, ಬೀಡಿ ಬಿಟ್ಟಿದ್ದಾರೆ, ರಾತ್ರಿಯ ಅನ್ನ ಅರ್ಧವಾಗಿದೆ, ಚಹಾದ ಸಕ್ಕರೆ ನಿಂತಿದೆ. ಒಟ್ಟು ಕೊಲೆಸ್ಟ್ರಾಲ್ 138, ಎಚ್‌ಡಿಎಲ್ 36, ಟ್ರೈಗ್ಲಿಸರೈಡ್ 165. ಎಲ್‌ಡಿಎಲ್ 69. ಇಂಥ ಹೆಚ್ಚಿನ ಅಪಾಯದವರಿಗೆ ಯುರೋಪಿನ ಹೃದ್ರೋಗ ತಜ್ಞರ ಸಂಘ 2019ರಲ್ಲಿ ಇಟ್ಟ ಗುರಿ ಎಲ್‌ಡಿಎಲ್ 70ಕ್ಕಿಂತ ಕಡಿಮೆ, ಗುರಿ ಮುಟ್ಟಿತು. ಅದೇ ಸಂಘ ನಾನ್-ಎಚ್‌ಡಿಎಲ್‌ಗೆ 100, ಅಪೋಬಿಗೆ 80 ಎಂದು ಗೆರೆ ಎಳೆದಿದೆ. ಗೃಹಸ್ಥರ ನಾನ್-ಎಚ್‌ಡಿಎಲ್ 102, ಅಪೋಬಿ 86. ಎಲ್‌ಡಿಎಲ್ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದಿದೆ, ಕಣಗಳು ಕಾಲುಭಾಗದ ಮೇಲೆ ತುಸು ಇಳಿದಿವೆ. ಎಲ್‌ಡಿಎಲ್ ಸಾಲು ಮಾತ್ರ ಓದಿದವರು ಮಾತ್ರೆ ಇದ್ದಷ್ಟೇ ಸಾಕು ಎನ್ನುತ್ತಾರೆ. ಅಪೋಬಿ ಓದಿದ ವೈದ್ಯರು ಮಾತ್ರೆಯ ಪ್ರಮಾಣ ಹೆಚ್ಚಿಸಬೇಕೆ, ಎಜೆಟಿಮೈಬ್ ಎಂಬ ಎರಡನೆಯ ಮಾತ್ರೆ ಸೇರಿಸಬೇಕೆ ಎಂದು ಯೋಚಿಸುತ್ತಾರೆ, ಮತ್ತೆ ಎಂಟು ಹತ್ತು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ಇನ್ನೊಮ್ಮೆ ರಕ್ತ ಕೊಡಲು ಹೇಳುತ್ತಾರೆ.